ತಲೆನೋವಿನ ಡೈರಿ: ನೋವಿಲ್ಲದ ದಿನಗಳನ್ನೂ ಏಕೆ ಬರೆಯಬೇಕು, ಬರೆದದ್ದನ್ನು ಹೇಗೆ ಓದಬೇಕು

ತಲೆನೋವಿನ ಡೈರಿ ಇಡಲು ಹೊರಟ ಹಲವರು ನೋವು ಬಂದ ದಿನ ಮಾತ್ರ ಪೆನ್ನು ಹಿಡಿಯುತ್ತಾರೆ. ಹಿಂದಿನ ದಿನ ಏನು ತಿಂದೆ, ಎಷ್ಟು ಹೊತ್ತಿಗೆ ಮಲಗಿದೆ ಎಂದು ನೆನಪಿಸಿಕೊಂಡು ಬರೆಯುತ್ತಾರೆ. ಎರಡು ತಿಂಗಳಾದ ಮೇಲೆ ಹಾಳೆ ತಿರುವಿದರೆ ಹತ್ತು ತಲೆನೋವುಗಳಲ್ಲಿ ಐದರ ಹಿಂದೆ ಚಾಕೊಲೇಟ್ ಕಾಣುತ್ತದೆ. ಅಂದಿನಿಂದ ಚಾಕೊಲೇಟ್ ಬಂದ್. ತಲೆನೋವು ಮಾತ್ರ ನಿಲ್ಲುವುದಿಲ್ಲ.

ಅಲ್ಲಿ ಬಿಟ್ಟುಹೋದ ಪ್ರಶ್ನೆ ಒಂದೇ: ಚಾಕೊಲೇಟ್ ತಿಂದೂ ತಲೆನೋವು ಬಾರದ ದಿನಗಳು ಎಷ್ಟಿದ್ದವು? ಅದು ಗೊತ್ತಿಲ್ಲದಿದ್ದರೆ ಕಾಗೆ ಕೂತದ್ದಕ್ಕೆ ಕೊಂಬೆ ಮುರಿಯಿತೋ, ಮುರಿಯುವ ಕೊಂಬೆಯ ಮೇಲೆ ಕಾಗೆ ಕೂತಿತೋ ಹೇಳಲಾಗದು. ಆದ್ದರಿಂದ ಈ ಮಾರ್ಗದರ್ಶಿಯ ಬೆನ್ನೆಲುಬು ಇಷ್ಟೇ: ಡೈರಿಯನ್ನು ಪ್ರತಿದಿನ ಬರೆಯಬೇಕು, ಚೆನ್ನಾಗಿದ್ದ ದಿನಗಳನ್ನೂ ಬರೆಯಬೇಕು, ಓದುವಾಗ ಎರಡನ್ನೂ ಎದುರುಬದುರು ಇಟ್ಟು ಎಣಿಸಬೇಕು. ಇಲ್ಲಿ ಹೇಳುವುದು ಮುಖ್ಯವಾಗಿ ಬಂದುಹೋಗುವ ತಲೆನೋವಿಗೆ, ಅದರಲ್ಲೂ ಮೈಗ್ರೇನ್‌ಗೆ ಅನ್ವಯಿಸುತ್ತದೆ.

ಡೈರಿಗಾಗಿ ಕಾಯಬಾರದ ತಲೆನೋವುಗಳು

ಕೆಲವು ತಲೆನೋವುಗಳಿಗೆ ಡೈರಿಯಲ್ಲ, ವೈದ್ಯರು ಬೇಕು, ಅದೂ ತಕ್ಷಣ. ಒಂದೆರಡು ನಿಮಿಷಗಳೊಳಗೆ ಸಿಡಿಲು ಬಡಿದಂತೆ ಪರಾಕಾಷ್ಠೆಗೆ ಏರಿದ ನೋವು, ಜ್ವರ ಮತ್ತು ಕತ್ತಿನ ಬಿಗಿತದೊಂದಿಗೆ ಬಂದ ನೋವು, ತಲೆಗೆ ಪೆಟ್ಟಾದ ಮೇಲೆ ಶುರುವಾದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಗೊಂದಲ, ದೃಷ್ಟಿ ಕಳೆದುಕೊಳ್ಳುವುದು ಇವು ಜೊತೆಗಿರುವ ನೋವು ಈ ಗುಂಪಿಗೆ ಸೇರುತ್ತವೆ. ಐವತ್ತರ ನಂತರ ಮೊದಲ ಬಾರಿಗೆ ಶುರುವಾದ ತಲೆನೋವು, ಕೆಮ್ಮಿದಾಗ ಅಥವಾ ಬಾಗಿದಾಗ ಹೊಸದಾಗಿ ಬರುವ ನೋವು, ಗರ್ಭಿಣಿಯಾಗಿದ್ದಾಗ ಅಥವಾ ಹೆರಿಗೆಯ ನಂತರ ಹೊಸದಾಗಿ ಬಂದ ನೋವು, ವರ್ಷಗಳಿಂದ ಇದ್ದ ತಲೆನೋವಿನ ಸ್ವರೂಪವೇ ಬದಲಾಗಿ ದಿನೇ ದಿನೇ ಹೆಚ್ಚುತ್ತಿರುವುದು ಇವನ್ನೂ ಮೊದಲು ವೈದ್ಯರಿಗೆ ತೋರಿಸಬೇಕು. ಡೈರಿ ಆಮೇಲೆ.

ಹೆಜ್ಜೆ 1: ಡೈರಿಯನ್ನು ಸಿದ್ಧಪಡಿಸುವುದು

ನೋಟ್‌ಬುಕ್ ಆದರೂ ಸರಿ, ಮೊಬೈಲ್ ಆದರೂ ಸರಿ. ದಿನಕ್ಕೆ ಒಂದು ಸಾಲು, ಬರೆಯಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಇಪ್ಪತ್ತೈದು ಕಾಲಂಗಳ ಡೈರಿ ಎರಡನೆಯ ವಾರಕ್ಕೆ ನಿಂತುಹೋಗುತ್ತದೆ. ನಿಲ್ಲದಿದ್ದರೆ ಇನ್ನೂ ಕಷ್ಟ: ಇಪ್ಪತ್ತೈದು ಸಂಗತಿಗಳನ್ನು ಹುಡುಕಿದರೆ ಒಂದೆರಡು ಕೇವಲ ಆಕಸ್ಮಿಕವಾಗಿ ತಲೆನೋವಿನ ಜೊತೆ ಹೊಂದಿಕೊಂಡಂತೆ ಕಂಡೇ ಕಾಣುತ್ತವೆ.

ಅವಧಿ ಕನಿಷ್ಠ ಎಂಟು ವಾರ ಇರಲಿ. ಮುಟ್ಟಾಗುವ ಮಹಿಳೆಯರಿಗೆ ಮೂರು ಋತುಚಕ್ರಗಳಾದರೂ ಬೇಕು. ತಿಂಗಳಿಗೊಮ್ಮೆ ಮಾತ್ರ ತಲೆನೋವು ಬರುವವರು ಇನ್ನೂ ಹೆಚ್ಚು ಕಾಲ ಬರೆಯಬೇಕಾಗುತ್ತದೆ, ಏಕೆಂದರೆ ಎರಡು ತಲೆನೋವುಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಹೆಜ್ಜೆ 2: ಪ್ರತಿದಿನ ಬರೆಯಬೇಕಾದದ್ದು

ರಾತ್ರಿ ಒಂದು ನಿಗದಿತ ಹೊತ್ತಿಗೆ, ತಲೆನೋವು ಬಂದಿರಲಿ ಬಾರದಿರಲಿ, ಇವನ್ನು ಬರೆಯಿರಿ: ಹಿಂದಿನ ರಾತ್ರಿ ಮಲಗಿದ ಹೊತ್ತು ಮತ್ತು ಬೆಳಿಗ್ಗೆ ಎದ್ದ ಹೊತ್ತು, ಊಟ ತಿಂಡಿಯ ಹೊತ್ತು, ಕಾಫಿ, ಟೀ ಎಷ್ಟು ಕಪ್ ಮತ್ತು ಯಾವಾಗ, ಮದ್ಯಪಾನ ಇದ್ದರೆ ಅದು, ಮುಟ್ಟಿನ ದಿನ ಎಷ್ಟನೆಯದು, ದಿನದ ಒತ್ತಡಕ್ಕೆ 0ರಿಂದ 3ರೊಳಗೆ ಒಂದು ಅಂಕ. ಇವುಗಳ ಜೊತೆಗೆ ನಿಮ್ಮದೇ ಎರಡು ಶಂಕಿತರು, ಎರಡಕ್ಕಿಂತ ಹೆಚ್ಚು ಬೇಡ. ಚಾಕೊಲೇಟ್ ಇರಬಹುದು, ಸುಗಂಧದ್ರವ್ಯ ಇರಬಹುದು, ದೀರ್ಘ ಪ್ರಯಾಣ ಇರಬಹುದು.

ಏನು ತಿಂದಿರಿ ಎನ್ನುವುದಕ್ಕಿಂತ ಯಾವಾಗ ತಿಂದಿರಿ ಎನ್ನುವುದಕ್ಕೆ ಹೆಚ್ಚು ಗಮನ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ತಲೆನೋವಿರುವವರು ಮೊದಲು ಅನುಮಾನಿಸುವುದು ಆಹಾರ ಪದಾರ್ಥಗಳನ್ನು. ಆದರೆ ಊಟ ತಪ್ಪುವುದು, ನಿದ್ರೆಯ ಹೊತ್ತು ಏರುಪೇರಾಗುವುದು, ಕಾಫಿ ತಡವಾಗುವುದು ಇವೇ ಮತ್ತೆ ಮತ್ತೆ ಸಿಕ್ಕಿಬೀಳುವ ಪ್ರಚೋದಕಗಳು. ಮೈಗ್ರೇನ್ ಇರುವ ಮಿದುಳಿಗೆ ಬದಲಾವಣೆಯೇ ಆಗಿಬರುವುದಿಲ್ಲ. ಕಡಿಮೆ ನಿದ್ರೆಯಂತೆ ಹೆಚ್ಚು ನಿದ್ರೆಯೂ, ಒತ್ತಡದಂತೆ ಒತ್ತಡ ದಿಢೀರನೆ ಇಳಿಯುವುದೂ ನೋವು ತರಬಲ್ಲದು. ಒತ್ತಡಕ್ಕೆ ದಿನವೂ ಅಂಕ ಕೊಡುವುದು ಅದಕ್ಕೇ: ಹುಡುಕಬೇಕಾದದ್ದು 3 ಇದ್ದ ದಿನವನ್ನಷ್ಟೇ ಅಲ್ಲ, 3ರಿಂದ 0ಗೆ ಇಳಿದ ದಿನವನ್ನೂ.

ಹವಾಮಾನವನ್ನು ಬರೆಯಬೇಕೇ? ಬರೆದರೂ ಬದಲಾಯಿಸಲಾಗದು. ಮೊದಲ ಎಂಟು ವಾರ ಅದಕ್ಕೆ ಜಾಗ ಕೊಡಬೇಡಿ.

ಒಂದು ಎಚ್ಚರ. ತಲೆನೋವು ಶುರುವಾದ ಮೇಲೆ ಅಂದಿನ ಒತ್ತಡವನ್ನು ಬರೆಯಲು ಕೂತರೆ ಅಂಕ ತಾನಾಗಿ ಮೇಲೇರುತ್ತದೆ. ನೋವಿನಲ್ಲಿರುವಾಗ ಇಡೀ ದಿನವೇ ಕೆಟ್ಟದಾಗಿತ್ತು ಎನಿಸುತ್ತದೆ. ಆದಷ್ಟು ಮಟ್ಟಿಗೆ ನಿದ್ರೆಯ ವಿವರವನ್ನು ಬೆಳಿಗ್ಗೆಯೇ, ಊಟ ಮತ್ತು ಕಾಫಿಯ ಹೊತ್ತನ್ನು ಆಗಾಗಲೇ ಗುರುತುಮಾಡಿಕೊಳ್ಳಿ. ನೋವು ಬಂದ ನಂತರ ಬರೆದ ಅಂಕಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಹಿಂದೆ ಬರೆದದ್ದನ್ನು ತಿದ್ದಬೇಡಿ. ಬರೆಯಲು ಮರೆತ ದಿನವನ್ನು ಖಾಲಿ ಬಿಡಿ, ಅಂದಾಜಿನಲ್ಲಿ ತುಂಬಬೇಡಿ.

ಹೆಜ್ಜೆ 3: ತಲೆನೋವು ಬಂದ ದಿನ ಸೇರಿಸಬೇಕಾದದ್ದು

ನೋವು ಶುರುವಾದ ಹೊತ್ತು, ಮುಗಿದ ಹೊತ್ತು. ತೀವ್ರತೆಗೆ ಮೂರು ಮಟ್ಟ ಸಾಕು: ಕೆಲಸ ಮಾಡಬಹುದಾದರೆ 1, ಕೆಲಸಕ್ಕೆ ಅಡ್ಡಿಯಾದರೆ 2, ಮಲಗಲೇಬೇಕಾದರೆ 3. ನೋವು ಒಂದು ಬದಿಯೋ ಎರಡೂ ಬದಿಯೋ, ಮಿಡಿಯುತ್ತದೆಯೋ ಪಟ್ಟಿ ಕಟ್ಟಿದಂತೆ ಒತ್ತುತ್ತದೆಯೋ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆಯೋ, ವಾಕರಿಕೆ ಇದೆಯೋ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲವೋ ಎಂಬುದನ್ನು ನಾಲ್ಕು ಪದಗಳಲ್ಲಿ ಬರೆಯಿರಿ. ಇದು ಪ್ರಚೋದಕ ಹುಡುಕಲು ಅಲ್ಲ, ಇದು ಯಾವ ತಲೆನೋವು ಎಂದು ವೈದ್ಯರು ಗುರುತಿಸಲು. ಚಿಕಿತ್ಸೆ ಇಲ್ಲದಿದ್ದರೆ ಮೈಗ್ರೇನ್ ಸಾಮಾನ್ಯವಾಗಿ 4ರಿಂದ 72 ಗಂಟೆ ಇರುತ್ತದೆ. ಒತ್ತಿದಂತಿರುವ ಸಾಮಾನ್ಯ ತಲೆನೋವು ಅರ್ಧ ಗಂಟೆಯಲ್ಲಿ ಹೋಗಬಹುದು, ದಿನಗಟ್ಟಲೆ ಉಳಿಯಲೂಬಹುದು. ಆದರೆ ವಾಕರಿಕೆ ತರುವುದಿಲ್ಲ, ನಡೆದಾಡಿದರೆ ಹೆಚ್ಚುವುದಿಲ್ಲ.

ಮಾತ್ರೆಯ ಹೆಸರು, ಪ್ರಮಾಣ, ನುಂಗಿದ ಹೊತ್ತು ಬರೆಯಿರಿ; ಎರಡು ಗಂಟೆ ಕಳೆದ ಮೇಲೆ ತೀವ್ರತೆ ಎಷ್ಟಿತ್ತು ಎಂಬುದನ್ನೂ ಸೇರಿಸಿ. ಅಂಗಡಿಯಿಂದ ಚೀಟಿಯಿಲ್ಲದೆ ತಂದ ಮಾತ್ರೆಯನ್ನೂ, ಬೆನ್ನುನೋವಿಗೆಂದು ನುಂಗಿದ ನೋವುನಿವಾರಕವನ್ನೂ ಬಿಡಬೇಡಿ.

ಇನ್ನೊಂದು ಕಾಲಂ ಇದೆ, ಸಿದ್ಧ ಮಾದರಿಗಳಲ್ಲಿ ಅನೇಕ ಬಾರಿ ಇರುವುದೇ ಇಲ್ಲ: ಮುನ್ಸೂಚನೆಗಳು ಮತ್ತು ಅವು ಶುರುವಾದ ಹೊತ್ತು. ಮೈಗ್ರೇನ್ ನೋವಿನಿಂದ ಆರಂಭವಾಗುವುದಿಲ್ಲ. ಕೆಲವು ಗಂಟೆಗಳಿಂದ ಎರಡು ದಿನಗಳಷ್ಟು ಮೊದಲೇ ಮಿದುಳಿನಲ್ಲಿ ಅದು ಶುರುವಾಗಿರಬಹುದು. ಮತ್ತೆ ಮತ್ತೆ ಆಕಳಿಕೆ, ಕತ್ತಿನ ಬಿಗಿತ, ಕಾರಣವಿಲ್ಲದ ಸಿಡುಕು, ದಣಿವು, ಪದೇ ಪದೇ ಮೂತ್ರ, ಸಿಹಿ ತಿನ್ನಬೇಕೆಂಬ ಹಂಬಲ, ಬೆಳಕು ಚುಚ್ಚಿದಂತಾಗುವುದು ಇವೆಲ್ಲ ಆ ಹಂತದ ಲಕ್ಷಣಗಳು. ಡೈರಿಯನ್ನು ದಾರಿ ತಪ್ಪಿಸುವುದರಲ್ಲಿ ಇವುಗಳನ್ನು ಮೀರಿಸುವುದು ಬೇರೊಂದಿಲ್ಲ. ಸಿಹಿಯ ಹಂಬಲದಿಂದ ಚಾಕೊಲೇಟ್ ತಿಂದವರು ಮೂರು ಗಂಟೆಯ ನಂತರ ನೋವು ಬಂದಾಗ ಚಾಕೊಲೇಟನ್ನು ದೂರುತ್ತಾರೆ. ಕತ್ತು ಬಿಗಿದವರು ದಿಂಬನ್ನು ಬದಲಿಸುತ್ತಾರೆ. ಬೆಳಕು ಚುಚ್ಚಿದವರು ಬಿಸಿಲಿನಿಂದ ತಲೆನೋವು ಬಂತು ಎನ್ನುತ್ತಾರೆ. ಅಲ್ಲೆಲ್ಲ ತಲೆನೋವು ಆಗಲೇ ಹೊರಟಾಗಿತ್ತು.

ಒಂದು ಸಾಲು ಹೀಗಿರಬಹುದು:

*ಗುರುವಾರ. ಮಲಗಿದ್ದು 11:15, ಎದ್ದದ್ದು 6:30. ತಿಂಡಿ 8:30, ಊಟ 3:40 (ಸಭೆ ಎಳೆಯಿತು). ಕಾಫಿ 7, 11. ಒತ್ತಡ 2. ಸಂಜೆ 4:15ರಿಂದ ಆಕಳಿಕೆ, ಕತ್ತು ಬಿಗಿ. ಚಾಕೊಲೇಟ್ 5. ನೋವು ಶುರು 8:10, ಎಡಬದಿ, ಮಿಡಿತ, ವಾಕರಿಕೆ, ತೀವ್ರತೆ 2. ಮಾತ್ರೆ 8:30, 10:30ಕ್ಕೆ ತೀವ್ರತೆ 1. ಬೆಳಿಗ್ಗೆ ಎದ್ದಾಗ ಇಲ್ಲ.*

ನೆನಪಿಗೆ ಬಿಟ್ಟಿದ್ದರೆ ಇದು ‘ಚಾಕೊಲೇಟ್ ತಿಂದೆ, ತಲೆನೋವು ಬಂತು’ ಎಂದು ಉಳಿಯುತ್ತಿತ್ತು. ಹೊತ್ತು ಬರೆದದ್ದರಿಂದ ಆಕಳಿಕೆ ಮೊದಲು, ಚಾಕೊಲೇಟ್ ನಂತರ ಎಂಬುದು ಕಾಣುತ್ತದೆ. ತಡವಾದ ಊಟದ ಮೇಲೆ ಈ ಆಕ್ಷೇಪ ನಿಲ್ಲುವುದಿಲ್ಲ, ಏಕೆಂದರೆ ಅದನ್ನು ತಡಮಾಡಿದ್ದು ಸಭೆ, ಶರೀರವಲ್ಲ. ಪ್ರತಿಯೊಂದು ಶಂಕಿತನಿಗೂ ಈ ಪ್ರಶ್ನೆ ಕೇಳಿ: ಶುರುವಾಗುತ್ತಿದ್ದ ತಲೆನೋವೇ ನನ್ನಿಂದ ಇದನ್ನು ಮಾಡಿಸಿರಬಹುದೇ?

ಹೆಜ್ಜೆ 4: ನಾಲ್ಕು ಮನೆಗಳ ಲೆಕ್ಕ

ಎಂಟು ವಾರ ಮುಗಿಯುವವರೆಗೆ ಓದಬೇಡಿ. ನಡುವೆ ಓದಿದರೆ ಅನುಮಾನ ಹುಟ್ಟುತ್ತದೆ, ಅನುಮಾನ ಹುಟ್ಟಿದ ಮೇಲೆ ಬರೆಯುವ ಕೈ ಅದರ ಕಡೆಗೇ ವಾಲುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ವಿವರಣೆಗಾಗಿ ನಾನೇ ಜೋಡಿಸಿದ ಡೈರಿ ಇದು; ಮೇಲಿನ ಗುರುವಾರದ ಸಾಲು ಇದರದ್ದೇ. ಮಹಿಳೆಯೊಬ್ಬರು 56 ದಿನ ಬರೆದಿದ್ದಾರೆ. ಹತ್ತು ಬಾರಿ ತಲೆನೋವು ಬಂದಿದೆ. ಅವುಗಳಲ್ಲಿ ನಾಲ್ಕು ಮರುದಿನವೂ ಮುಂದುವರಿದಿವೆ. ಆದ್ದರಿಂದ ತಲೆನೋವಿದ್ದ ದಿನಗಳು 14, ಆದರೆ ತಲೆನೋವು *ಶುರುವಾದ* ದಿನಗಳು 10. ಪ್ರಚೋದಕ ಹುಡುಕುವಾಗ ಶುರುವಾದ ದಿನವಷ್ಟೇ ಲೆಕ್ಕಕ್ಕೆ ಬರುತ್ತದೆ. ಮುಂದುವರಿದ ನಾಲ್ಕು ದಿನಗಳನ್ನು ಪೂರ್ತಿ ತೆಗೆದುಹಾಕಬೇಕು. ನೋವಿನಲ್ಲೇ ಎದ್ದ ದಿನ ಊಟ ಬಿಟ್ಟರೆ ಅದು ನೋವಿನ ಫಲ, ಕಾರಣವಲ್ಲ. ಉಳಿದದ್ದು 52 ದಿನ.

ಈಗ ಪ್ರತಿ ದಿನಕ್ಕೂ ಎರಡೇ ಪ್ರಶ್ನೆ. ಅಂದು ಹೊಸ ತಲೆನೋವು ಶುರುವಾಯಿತೇ? ಅದಕ್ಕೆ ಮುಂಚಿನ 24 ಗಂಟೆಗಳಲ್ಲಿ ಶಂಕಿತ ಸಂಗತಿ ನಡೆದಿತ್ತೇ? ತಲೆನೋವು ಬಾರದ ದಿನಗಳಲ್ಲಿ ಡೈರಿ ಬರೆಯುವ ಹೊತ್ತಿನಿಂದ ಹಿಂದಕ್ಕೆ 24 ಗಂಟೆ ಎಣಿಸಿ. ಚಾಕೊಲೇಟ್ ಲೆಕ್ಕ ಹೀಗೆ ಬಂತು:

| | ತಲೆನೋವು ಶುರುವಾದ ದಿನ | ಶುರುವಾಗದ ದಿನ | ಒಟ್ಟು |
|---|---|---|---|
| ಚಾಕೊಲೇಟ್ ತಿಂದಿದ್ದರು | 5 | 19 | 24 |
| ತಿಂದಿರಲಿಲ್ಲ | 5 | 23 | 28 |

ಅಡ್ಡಸಾಲಿನಲ್ಲಿ ಓದಬೇಕು. ತಿಂದಾಗ 24ರಲ್ಲಿ 5, ಅಂದರೆ ಶೇ 21. ತಿನ್ನದಿದ್ದಾಗ 28ರಲ್ಲಿ 5, ಶೇ 18. ಹೆಚ್ಚುಕಡಿಮೆ ಒಂದೇ. ಮೊದಲ ಕಂಬಸಾಲನ್ನು ಮಾತ್ರ ನೋಡಿದ್ದರೆ ಅರ್ಧದಷ್ಟು ತಲೆನೋವುಗಳಿಗೆ ಚಾಕೊಲೇಟೇ ಕಾರಣ ಎನಿಸುತ್ತಿತ್ತು. ಅವರು ಚಾಕೊಲೇಟ್ ತಿನ್ನುತ್ತಿದ್ದದ್ದೇ ಹತ್ತಿರ ಹತ್ತಿರ ಎರಡು ದಿನಕ್ಕೊಮ್ಮೆ, ಹಾಗಾಗಿ ಯಾವ ದಿನವನ್ನು ತೆಗೆದರೂ ಅರ್ಧದಲ್ಲಿ ಅದು ಸಿಗುತ್ತಿತ್ತು.

ಅದೇ ಲೆಕ್ಕವನ್ನು ಮಧ್ಯಾಹ್ನದ ಊಟಕ್ಕೆ ಹಾಕಿದಾಗ (3 ಗಂಟೆಯ ನಂತರ ಉಂಡದ್ದು ಅಥವಾ ಬಿಟ್ಟದ್ದು):

| | ತಲೆನೋವು ಶುರುವಾದ ದಿನ | ಶುರುವಾಗದ ದಿನ | ಒಟ್ಟು |
|---|---|---|---|
| ಊಟ ತಡ ಅಥವಾ ಇಲ್ಲ | 6 | 6 | 12 |
| ಊಟ ಹೊತ್ತಿಗೆ ಸರಿಯಾಗಿ | 4 | 36 | 40 |

ಇಲ್ಲಿ ಶೇ 50, ಅಲ್ಲಿ ಶೇ 10. ಐದು ಪಟ್ಟು ವ್ಯತ್ಯಾಸ. ಇದನ್ನು ಹಿಡಿದು ಮುಂದುವರಿಯಬಹುದು. ಆದರೂ ಊಟ ತಪ್ಪಿದ ಹನ್ನೆರಡು ದಿನಗಳಲ್ಲಿ ಆರು ದಿನ ಏನೂ ಆಗಲಿಲ್ಲ ಎಂಬುದನ್ನು ಗಮನಿಸಿ. ಪ್ರಚೋದಕ ಎಂದರೆ ಪ್ರತಿ ಬಾರಿ ನೋವು ತರಲೇಬೇಕೆಂದಿಲ್ಲ. ಮಿದುಳಿನ ತಾಳಿಕೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಚೆನ್ನಾಗಿ ನಿದ್ರಿಸಿದ ದಿನ ತಡೆದುಕೊಂಡದ್ದನ್ನು ನಿದ್ರೆ ಕೆಟ್ಟ ದಿನ ತಡೆಯಲಾಗದು. ಆದ್ದರಿಂದ ನೋವು ಬಂದ ಆರು ದಿನಗಳನ್ನೂ ಬಾರದ ಆರು ದಿನಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮತ್ತೇನು ಬೇರೆ ಇತ್ತು ಎಂದು ನೋಡಿ. ಈ ಡೈರಿಯಲ್ಲಿ ನೋವು ಬಂದ ಆರರಲ್ಲಿ ನಾಲ್ಕು ದಿನ ಹಿಂದಿನ ರಾತ್ರಿಯ ನಿದ್ರೆ ಆರು ಗಂಟೆಗಿಂತ ಕಡಿಮೆ ಇತ್ತು, ಬಾರದ ಆರರಲ್ಲಿ ಒಂದೇ ದಿನ.

ಊಟಕ್ಕೆ ಸಂಬಂಧಿಸದ ನಾಲ್ಕು ತಲೆನೋವುಗಳು ಉಳಿದವು. ಮೂರು ಭಾನುವಾರ ಬೆಳಿಗ್ಗೆ ಬಂದವು. ಎಂಟು ಭಾನುವಾರಗಳಲ್ಲಿ ಐದರಂದು ಅವರು ಎರಡು ಗಂಟೆಗೂ ಹೆಚ್ಚು ತಡವಾಗಿ ಎದ್ದಿದ್ದರು, ಮೂರೂ ತಲೆನೋವುಗಳು ಆ ಐದರೊಳಗೇ ಇವೆ. ಹೊತ್ತಿಗೆ ಸರಿಯಾಗಿ ಎದ್ದ ಮೂರು ಭಾನುವಾರ ಏನೂ ಇಲ್ಲ. ಸಂಖ್ಯೆ ಚಿಕ್ಕದು, ತೀರ್ಮಾನಕ್ಕೆ ಸಾಲದು, ಪರೀಕ್ಷೆಗೆ ಸಾಕು. ಇಲ್ಲಿ ಇನ್ನೊಂದು ತೊಡಕಿದೆ. ತಡವಾಗಿ ಎದ್ದರೆ ಏಳು ಗಂಟೆಯ ಕಾಫಿಯೂ ಒಂಬತ್ತೂವರೆಗೆ ಹೋಗುತ್ತದೆ. ದಿನವೂ ಕಾಫಿ ಕುಡಿಯುವವರಿಗೆ ಕೆಫೀನ್ ತಪ್ಪಿದ 12ರಿಂದ 24 ಗಂಟೆಗಳಲ್ಲಿ ತಲೆನೋವು ಬರಬಹುದು. ಹಿಂದಿನ ಬೆಳಿಗ್ಗೆ 11ಕ್ಕೆ ಕೊನೆಯ ಕಪ್ ಕುಡಿದಿದ್ದರೆ ಭಾನುವಾರ 9ಕ್ಕೆ ಆಗಲೇ 22 ಗಂಟೆ. ನಿದ್ರೆಯೋ ಕಾಫಿಯೋ ಎಂದು ಡೈರಿಯೊಂದೇ ಹೇಳಲಾರದು, ಏಕೆಂದರೆ ಎರಡೂ ಯಾವಾಗಲೂ ಒಟ್ಟಿಗೇ ಬಂದಿವೆ.

ಕೊನೆಯ ತಲೆನೋವು ಮುಟ್ಟಿನ ಮೊದಲ ದಿನ ಬಂತು. ಮುಟ್ಟಿಗೆ ಎರಡು ದಿನ ಮೊದಲಿನಿಂದ ಮುಟ್ಟಿನ ಮೂರನೆಯ ದಿನದವರೆಗಿನ ಅವಧಿಯಲ್ಲಿ, ಮೂರು ಚಕ್ರಗಳಲ್ಲಿ ಕನಿಷ್ಠ ಎರಡರಲ್ಲಿ ನೋವು ಬಂದರೆ ಅದನ್ನು ಮುಟ್ಟಿಗೆ ಸಂಬಂಧಿಸಿದ ಮೈಗ್ರೇನ್ ಎಂದು ಪರಿಗಣಿಸುತ್ತಾರೆ. ಎಂಟು ವಾರಗಳಲ್ಲಿ ಎರಡೇ ಚಕ್ರ ಆಗಿವೆ. ಇನ್ನೊಂದು ತಿಂಗಳು ಕಾಯಬೇಕು.

ಹೆಜ್ಜೆ 5: ಒಂದನ್ನೇ ಬದಲಿಸಿ ನೋಡುವುದು

ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ಯಾವುದು ಫಲ ಕೊಟ್ಟಿತೆಂದು ಗೊತ್ತಾಗುವುದಿಲ್ಲ. ಹತ್ತು ಆಹಾರ ಬಿಟ್ಟವರಿಗೆ ಊಟವೇ ಕಡಿಮೆಯಾಗಿ ತಲೆನೋವು ಹೆಚ್ಚಲೂಬಹುದು. ಅತಿ ದೊಡ್ಡ ವ್ಯತ್ಯಾಸ ಕಂಡ ಒಂದನ್ನು ಆರಿಸಿ, ಇನ್ನೊಂದು ಎಂಟು ವಾರ ಅದನ್ನು ಮಾತ್ರ ಸರಿಪಡಿಸಿ, ಉಳಿದದ್ದು ಇದ್ದಂತೆಯೇ ಇರಲಿ, ಡೈರಿ ಮುಂದುವರಿಯಲಿ. ಮೇಲಿನ ಉದಾಹರಣೆಯಲ್ಲಿ ಅದು ಒಂದೂವರೆಯೊಳಗೆ ಊಟ, ಸಭೆ ಎಳೆಯಬಹುದಾದ ದಿನ ಚೀಲದಲ್ಲಿ ತಿನ್ನಲು ಏನಾದರೂ.

ಫಲಿತಾಂಶ ಓದುವಾಗ ಒಂದು ಮೋಸವಿದೆ. ಜನ ಡೈರಿ ಶುರುಮಾಡುವುದು ತಲೆನೋವು ಹೆಚ್ಚಾಗಿದ್ದಾಗ. ಅಂಥ ಕೆಟ್ಟ ಅವಧಿಯ ನಂತರ ಏನೂ ಮಾಡದಿದ್ದರೂ ನೋವು ಸ್ವಲ್ಪ ಇಳಿಯುವುದು ಸಹಜ. ಹತ್ತು ತಲೆನೋವು ಎಂಟಾದರೆ ಅದನ್ನು ಗೆಲುವೆಂದು ಬರೆದುಕೊಳ್ಳಬೇಡಿ. ಹತ್ತು ಐದಾಗಿ, ಉಳಿದ ಐದರಲ್ಲಿ ಹೆಚ್ಚಿನವು ಭಾನುವಾರ ಮತ್ತು ಮುಟ್ಟಿನ ಸುತ್ತಲೇ ಇದ್ದರೆ, ಊಟ ತಪ್ಪಿದ ಒಂದೆರಡು ದಿನಗಳಲ್ಲಿ ಮತ್ತೆ ನೋವು ಬಂದಿದ್ದರೆ, ಆಗ ನಂಬಬಹುದು.

ಭಾನುವಾರದ ಗಂಟನ್ನು ಬಿಡಿಸುವ ಉಪಾಯ ಸುಲಭ. ಏಳು ಗಂಟೆಗೆ ಎದ್ದು ಕಾಫಿ ಕುಡಿದು ಮತ್ತೆ ಮಲಗಿ. ತಲೆನೋವು ನಿಂತರೆ ಕಾಫಿಯ ಕಡೆ ಬೆರಳು. ನಿಲ್ಲದಿದ್ದರೆ ಮುಂದಿನ ಸರದಿಯಲ್ಲಿ ವಾರದ ಏಳೂ ದಿನ ಒಂದೇ ಹೊತ್ತಿಗೆ ಏಳಿ. ಕಾಫಿಯನ್ನೇ ಬಿಡಬೇಕೆನಿಸಿದರೆ ಒಮ್ಮೆಗೇ ಬಿಡಬೇಡಿ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಇಲ್ಲವಾದರೆ ಬಿಟ್ಟ ಮೊದಲ ವಾರವೇ ತಲೆನೋವಿನಿಂದ ತುಂಬಿ ಡೈರಿ ಕಲಸಿಹೋಗುತ್ತದೆ.

ಡೈರಿ ಉತ್ತರ ಕೊಡದಿದ್ದಾಗ

ಲೆಕ್ಕ ಹಾಕಿದ ಮೇಲೂ ಯಾವ ಸಾಲಿನಲ್ಲೂ ವ್ಯತ್ಯಾಸ ಕಾಣದಿರಬಹುದು. ಎಷ್ಟೋ ಮೈಗ್ರೇನ್‌ಗಳಿಗೆ ಗುರುತಿಸಬಹುದಾದ ಪ್ರಚೋದಕವೇ ಇರುವುದಿಲ್ಲ. ಬರೆದವರು ಎಲ್ಲೋ ತಪ್ಪಿದರು ಎಂದೇನೂ ಅಲ್ಲ. ಅಂಥವರು ಹುಡುಕಾಟ ನಿಲ್ಲಿಸಿ ನೋವು ತಡೆಯುವ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳುವುದೇ ಸರಿ.

ಹೆಚ್ಚುಕಡಿಮೆ ದಿನವೂ ತಲೆನೋವಿರುವವರ ಡೈರಿಯಲ್ಲಿ ಹೋಲಿಸಲು ಒಳ್ಳೆಯ ದಿನಗಳೇ ಸಿಗುವುದಿಲ್ಲ. ಅವರು ಮೊದಲು ಓದಬೇಕಾದದ್ದು ಮಾತ್ರೆಯ ಕಾಲಂ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸರಳ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್, ಅಫೀಮಿನ ವರ್ಗದ ನೋವುನಿವಾರಕಗಳಾದ ಓಪಿಯಾಯ್ಡ್ ಅಥವಾ ಹಲವು ಔಷಧಿಗಳನ್ನು ಬೆರೆಸಿದ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಹೆಚ್ಚಿಸುತ್ತಿರಬಹುದು. ಎಣಿಸಬೇಕಾದದ್ದು ಮಾತ್ರೆಗಳ ಸಂಖ್ಯೆಯನ್ನಲ್ಲ, ನುಂಗಿದ ದಿನಗಳನ್ನು. ಆ ಸಂಖ್ಯೆ ಗಡಿ ದಾಟಿದ್ದರೆ ಚಾಕೊಲೇಟ್, ದಿಂಬು, ಬಿಸಿಲು ಎಲ್ಲವನ್ನೂ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ. ನಿಲ್ಲಿಸುವ ಕ್ರಮ ಔಷಧಿಯಿಂದ ಔಷಧಿಗೆ ಬೇರೆ; ಓಪಿಯಾಯ್ಡ್‌ಗಳನ್ನು ದಿಢೀರನೆ ಸ್ವಂತವಾಗಿ ನಿಲ್ಲಿಸಬಾರದು.

ವೈದ್ಯರಲ್ಲಿಗೆ ಇಡೀ ಪುಸ್ತಕ ಒಯ್ದರೆ ಓದಲು ಅವರಿಗೆ ಸಮಯವಿರುವುದಿಲ್ಲ. ಒಂದು ಹಾಳೆಯ ಮೇಲೆ ತಿಂಗಳವಾರು ತಲೆನೋವಿದ್ದ ದಿನಗಳು (ಇಲ್ಲಿ ಮುಂದುವರಿದ ದಿನಗಳೂ ಸೇರಬೇಕು), ತೀವ್ರತೆ 3 ಇದ್ದ ದಿನಗಳು, ಮಾತ್ರೆ ನುಂಗಿದ ದಿನಗಳು, ಎರಡು ಗಂಟೆಯಲ್ಲಿ ಮಾತ್ರೆ ಕೆಲಸ ಮಾಡಿದ್ದು ಎಷ್ಟು ಬಾರಿ, ಮುಟ್ಟಿನ ದಿನಾಂಕಗಳು, ಮತ್ತು ನಾಲ್ಕು ಮನೆಗಳ ಲೆಕ್ಕದಲ್ಲಿ ಎದ್ದು ಕಂಡ ಒಂದೆರಡು ಸಂಗತಿ ಬರೆದುಕೊಂಡು ಹೋಗಿ.

ಪರೀಕ್ಷೆಗಳು ಮುಗಿದ ಮೇಲೆ ಪೂರ್ತಿ ಡೈರಿಯನ್ನು ಬರೆಯುತ್ತಲೇ ಇರಬೇಕಾಗಿಲ್ಲ. ದಿನವೂ ತಲೆಯ ಕಡೆಗೇ ಗಮನ ಕೊಡುತ್ತಿದ್ದರೆ ಕೆಲವರಿಗೆ ನೋವಿನ ಭಯ ಹೆಚ್ಚುತ್ತದೆ. ಕ್ಯಾಲೆಂಡರ್‌ನಲ್ಲಿ ತಲೆನೋವಿನ ದಿನಕ್ಕೆ ತೀವ್ರತೆಯ ಅಂಕ, ಮಾತ್ರೆಯ ದಿನಕ್ಕೆ ಒಂದು ಸುತ್ತು, ಮುಟ್ಟಿನ ಮೊದಲ ದಿನಕ್ಕೆ ಒಂದು ಗೆರೆ ಇಷ್ಟನ್ನು ಉಳಿಸಿಕೊಳ್ಳಿ. ತಲೆನೋವಿನ ದಿನಗಳು ಮತ್ತೆ ಏರತೊಡಗಿದರೆ ಅಥವಾ ಹೊಸ ಔಷಧಿ ಶುರುವಾದರೆ ಪೂರ್ತಿ ಸಾಲುಗಳಿಗೆ ಮರಳಿದರಾಯಿತು.